ಊಟದ ನಂತರದ ಮೊದಲ ಅತಿಥಿ

ಎಲ್ಲರೂ ಕೈ ಮೇಲೆತ್ತಿ. ನನ್ನ ಜೊತೆ ಚಪ್ಪಾಳೆ ತಟ್ಟಿ. ಜೋರಾಗಿ, ಸೆಕೆಂಡಿಗೆ ಎರಡು! ಹಿಂದಿನ ಸಾಲಿನವರೂ ತಟ್ಟಿ. ಹಾಂ, ಇದೇ ವೇಗ. ನಿಲ್ಲಿಸಬೇಡಿ.

ಎದೆಬಡಿತ ನಿಂತು ಬಿದ್ದವರ ಎದೆಯನ್ನು ಒತ್ತಬೇಕಾದ ವೇಗ ಇದು. ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ. ಸಾಕು, ಕೈ ಇಳಿಸಿ. ತೋಳು ಸೋತಿತು ಅಲ್ವಾ? ಆಂಬುಲೆನ್ಸ್ ಬರುವ ತನಕ ಹೀಗೇ ಒತ್ತುತ್ತಿರಬೇಕು.

ಇದನ್ನು ಕಲಿಸಲು ಬಂದಿರುವ ನಮ್ಮ ಡಾಕ್ಟರ್ ಮೇಡಂ 18 ವರ್ಷ ತುರ್ತು ಚಿಕಿತ್ಸಾ ವಿಭಾಗದಲ್ಲಿ ದುಡಿದವರು. ಕಾರಿನಲ್ಲಿ ಬರುವಾಗ ಅವರ ತೊಡೆಯ ಮೇಲೆ ತರಬೇತಿಯ ಗೊಂಬೆ ಇತ್ತು. ಅಂಗೈ ಬೀಳುವ ಜಾಗದಲ್ಲಿ ಅದರ ಎದೆಯ ಬಣ್ಣ ಪೂರ್ತಿ ಸವೆದುಹೋಗಿದೆ. ಅಷ್ಟು ಜನರಿಗೆ ಕಲಿಸಿದ್ದಾರೆ!

ಮುಂದಿನ ಸರದಿ ನಮ್ಮದು. ಬನ್ನಿ ಮೇಡಂ, ಗೊಂಬೆಯನ್ನೂ ತನ್ನಿ.