ತಾಲ್ಲೂಕು ಕಚೇರಿಯಿಂದ ಬೀಳ್ಕೊಳ್ಳುವಾಗ ತಹಶೀಲ್ದಾರರ ಮಾತು

ಗ್ರೇಡ್-2 ತಹಶೀಲ್ದಾರರೇ, ಶಿರಸ್ತೇದಾರರೇ, ನಾಡಕಚೇರಿಗಳ ಉಪ ತಹಶೀಲ್ದಾರರೇ, ಕಂದಾಯ ನಿರೀಕ್ಷಕರೇ, ಗ್ರಾಮ ಆಡಳಿತ ಅಧಿಕಾರಿಗಳೇ, ವಿಷಯ ನಿರ್ವಾಹಕರೇ, ಭೂಮಿ ಕೇಂದ್ರದ ಆಪರೇಟರ್‌ಗಳೇ, ರೆಕಾರ್ಡ್ ರೂಮಿನವರೇ, ಡಿ ಗ್ರೂಪ್ ನೌಕರರೇ, ಗ್ರಾಮ ಸಹಾಯಕರೇ, ಎಲ್ಲರಿಗೂ ನಮಸ್ಕಾರ.

ನನ್ನನ್ನು ಜಿಲ್ಲಾಧಿಕಾರಿಗಳ ಕಚೇರಿಯ ಚುನಾವಣಾ ಶಾಖೆಗೆ ವರ್ಗಾಯಿಸಿ ಆದೇಶ ಬಂದಿದೆ. ನಾಳೆ ಅಪರಾಹ್ನ ಪ್ರಭಾರ ವಹಿಸಿಕೊಟ್ಟು ಬಿಡುಗಡೆ ಹೊಂದುತ್ತೇನೆ. ಹಾರ, ಶಾಲು, ಹೊಗಳಿಕೆ ಎಲ್ಲ ಆಯಿತು. ನಿಮ್ಮ ಪ್ರೀತಿಗೆ ಋಣಿ. ಆದರೆ ಇಷ್ಟು ಜನ ಒಟ್ಟಿಗೆ ಸಿಗುವುದು ಅಪರೂಪ. ಅದಕ್ಕೇ ಈ ಹೊತ್ತನ್ನು ನಮ್ಮ ಕೆಲಸದ ಮಾತಿಗೇ ಬಳಸಿಕೊಳ್ಳುತ್ತೇನೆ.

ಅಧಿಕಾರಿ ಬದಲಾದಾಗ ಪೆಟ್ಟು ತಿನ್ನುವವರು ಅರ್ಜಿದಾರರು. "ಹೋದ ಸಾಹೇಬರು ಹೇಳಿದ್ದರು" ಎಂಬ ಮಾತಿಗೆ ನಾಳೆಯಿಂದ ಬೆಲೆಯಿಲ್ಲ. ಕಡತದಲ್ಲಿ ಬರೆದದ್ದಕ್ಕೆ ಮಾತ್ರ ಬೆಲೆ. ಆದ್ದರಿಂದ ಹೊಸಬರು ಬಂದು ಕೂತಾಗ ಟಿಪ್ಪಣಿ ಹಾಳೆ ಓದಿದರೆ ಸಾಕು ಎನ್ನುವಂತೆ ಪ್ರತಿ ಕಡತ ಇರಬೇಕು. ಅರ್ಜಿದಾರರು ಕೇಳಿದ್ದೇನು, ನಾವು ಯಾರಿಂದ ಯಾವ ದಿನ ವರದಿ ಕೇಳಿದೆವು, ಬಂದದ್ದೇನು, ಈಗ ಯಾವುದಕ್ಕೆ ನಿಂತಿದೆ, ಮುಂದಿನ ಹೆಜ್ಜೆ ಯಾರದು: ಇವಿಷ್ಟನ್ನು ಕೊನೆಯ ಟಿಪ್ಪಣಿಯಲ್ಲಿ ಬರೆಯಿರಿ. "ಆದೇಶಕ್ಕಾಗಿ ಮಂಡಿಸಿದೆ" ಎಂದಷ್ಟೇ ಬರೆದು ಕಳಿಸಿದರೆ ಕಡತ ತಿರುಗಿ ನಿಮ್ಮ ಮೇಜಿಗೇ ಬರುತ್ತದೆ. ಅಷ್ಟರಲ್ಲಿ ರೈತ ಇನ್ನೆರಡು ಸಲ ಬಸ್ಸು ಹತ್ತಿರುತ್ತಾನೆ.

ಆರ್‌ಆರ್‌ಟಿ ಶಾಖೆಗೆ ಒಂದು ಮಾತು. ನನ್ನ ಮುಂದೆ ವಾದ ಮುಗಿದು ಆದೇಶಕ್ಕೆ ಕಾಯ್ದಿರಿಸಿದ್ದ ಪ್ರಕರಣಗಳಿಗೆಲ್ಲ ಆದೇಶ ಮಾಡಿ ಸಹಿ ಹಾಕಿದ್ದೇನೆ. ಕೇಳಿದವರೇ ತೀರ್ಮಾನಿಸಬೇಕು, ಒಬ್ಬರು ವಾದ ಕೇಳಿ ಇನ್ನೊಬ್ಬರು ಆದೇಶ ಬರೆದರೆ ಮೇಲ್ಮನವಿಯಲ್ಲಿ ಅದು ನಿಲ್ಲುವುದು ಕಷ್ಟ. ವಿಚಾರಣೆ ಅರ್ಧಕ್ಕೆ ನಿಂತವನ್ನು ಪ್ರತ್ಯೇಕ ಪಟ್ಟಿ ಮಾಡಿದ್ದೇನೆ. ಹೊಸಬರು ಪ್ರಭಾರ ವಹಿಸಿಕೊಂಡ ಮೇಲೆ ಎರಡೂ ಕಡೆಯವರಿಗೆ ಹೊಸ ದಿನಾಂಕದ ನೋಟಿಸ್ ಕೊಡಿ. ಹಳೆಯ ದಿನಾಂಕ ನಂಬಿ ಯಾರೂ ದೂರದ ಊರಿಂದ ಬಂದು ಬಾಗಿಲ ಬಳಿ ನಿಲ್ಲುವಂತಾಗಬಾರದು. ಇವತ್ತೇ ಫೋನ್ ಮಾಡಿ ತಿಳಿಸಿದರೆ ಇನ್ನೂ ಒಳ್ಳೆಯದು.

ನೋಟಿಸ್ ಬಟವಾಡೆಯ ವಿಷಯದಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಇನ್ನಷ್ಟು ಬಿಗಿಯಾಗಬೇಕು. "ಮನೆಯಲ್ಲಿ ಇಲ್ಲ" ಎಂದು ಷರಾ ಬರೆದು ವಾಪಸ್ ಕಳಿಸಿದರೆ ಅದು ಬಟವಾಡೆ ಅಲ್ಲ. ಎಷ್ಟು ಸಲ, ಯಾವ ದಿನ ಹೋಗಿದ್ದಿರಿ ಎಂದು ಬರೆಯಿರಿ. ಸಿಗದಿದ್ದರೆ ಮನೆ ಬಾಗಿಲಿಗೆ ಅಂಟಿಸಿ, ಪಂಚರ ಸಹಿ ಪಡೆದು ಪಂಚನಾಮೆ ಲಗತ್ತಿಸಿ. ಭೂಕಂದಾಯ ಕಾಯ್ದೆಯ 136(2)ರ ಕೆಳಗೆ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ ಹೋದಾಗ ಮೊದಲು ತೆರೆಯುವುದು ಈ ಹಾಳೆಯನ್ನೇ. ಅದು ಸರಿಯಿಲ್ಲದಿದ್ದರೆ ತೀರ್ಮಾನ ಎಷ್ಟೇ ನ್ಯಾಯವಾಗಿದ್ದರೂ ಪ್ರಕರಣ ಮರುವಿಚಾರಣೆಗೆ ವಾಪಸ್ ಬರುತ್ತದೆ.

ಪೌತಿ ಖಾತೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಅಲ್ಲಿ ತಕರಾರು ಹುಟ್ಟುವುದು ಹೆಚ್ಚಾಗಿ ವಂಶವೃಕ್ಷದಲ್ಲಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಮನೆಯವರೇ ಬಿಟ್ಟಿರುತ್ತಾರೆ, ತೀರಿಹೋದ ಮಗನ ಹೆಂಡತಿ ಮಕ್ಕಳನ್ನೂ ಬಿಟ್ಟಿರುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳು ಮಗನಷ್ಟೇ ಹಕ್ಕುದಾರಳು. ಅರ್ಜಿದಾರರು ಬರೆದುಕೊಟ್ಟ ಕಾಗದವನ್ನೇ ನಕಲು ಮಾಡಿ ವರದಿ ಕಳಿಸಬೇಡಿ. ಹಳೆಯ ಪಡಿತರ ಚೀಟಿ ಮತ್ತು ಮತದಾರರ ಪಟ್ಟಿ ನೋಡಿ. ಸ್ಥಳ ಮಹಜರಿನಲ್ಲಿ ಆ ಕುಟುಂಬಕ್ಕೆ ಸೇರದ, ಅದೇ ಊರಿನ ಹಿರಿಯರನ್ನು ಕೇಳಿ. "ಇವರಿಗೆ ಅಕ್ಕತಂಗಿಯರು ಎಷ್ಟು ಜನ, ಯಾವ ಊರಿಗೆ ಕೊಟ್ಟಿದ್ದಾರೆ" ಎಂದು ನೇರವಾಗಿ ಕೇಳಿ ಉತ್ತರವನ್ನು ಮಹಜರಿನಲ್ಲಿ ದಾಖಲಿಸಿ. ಯಾರಾದರೂ ಹಕ್ಕು ಬಿಡುವುದಿದ್ದರೆ ಅದು ನೋಂದಾಯಿತ ಹಕ್ಕು ಬಿಡುಗಡೆ ಪತ್ರದ ಮೂಲಕ ಆಗಲಿ, ವಂಶವೃಕ್ಷದಿಂದ ಹೆಸರು ತೆಗೆಯುವುದರ ಮೂಲಕ ಅಲ್ಲ. ಒಂದು ಹೆಸರು ಬಿಟ್ಟುಹೋದರೆ ಆ ಹೆಣ್ಣುಮಗಳು ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಾಳೆ. ಅದನ್ನು ತಪ್ಪಿಸುವ ಶಕ್ತಿ ನಿಮ್ಮ ಪೆನ್ನಿಗೆ ಇದೆ.

ತಿರಸ್ಕರಿಸಬೇಕಾದ ಅರ್ಜಿಯನ್ನು ಕಾರಣ ಬರೆದು ತಿರಸ್ಕರಿಸಿ. "ದಾಖಲೆ ಸರಿಯಿಲ್ಲ" ಎಂಬ ಹಿಂಬರಹದಿಂದ ಯಾರಿಗೂ ಉಪಯೋಗವಿಲ್ಲ. ಯಾವ ದಾಖಲೆ, ಅದರಲ್ಲಿ ಏನು ಕೊರತೆ, ಎಲ್ಲಿ ಸಿಗುತ್ತದೆ ಎಂದು ಹೇಳಿ. ಸಕಾಲದ ಅವಧಿ ಮುಗಿಯುತ್ತಿದೆ ಎಂಬ ಒಂದೇ ಕಾರಣಕ್ಕೆ ಕೊನೆಯ ದಿನ ಅರ್ಜಿ ತಿರಸ್ಕರಿಸುವುದು ಬೇಡ. ವಿಳಂಬಕ್ಕೆ ಕಾಯ್ದೆಯಲ್ಲಿರುವ ಪರಿಹಾರ ದಿನಕ್ಕೆ 20 ರೂಪಾಯಿ, ಗರಿಷ್ಠ 500. ಆ ಅಂಕಿ ಚಿಕ್ಕದು, ಆದರೆ ಸುಳ್ಳು ಕಾರಣಕ್ಕೆ ವಾಪಸ್ಸಾದ ಅರ್ಜಿಯ ನಷ್ಟ ಅದರೊಳಗೆ ಹಿಡಿಯುವುದಿಲ್ಲ.

ರೆಕಾರ್ಡ್ ರೂಮಿನಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದೆ. ಕಡತ ಯಂತ್ರಕ್ಕೆ ಹೋಗುವ ಮೊದಲು ಪುಟಸಂಖ್ಯೆ ಹಾಕುವುದನ್ನು ಯಾವ ಅವಸರಕ್ಕೂ ಬಿಡಬೇಡಿ. ಹಳೆಯ ಎಂಆರ್ ಪುಸ್ತಕಗಳಲ್ಲಿ ತೇವಕ್ಕೆ ಎರಡು ಹಾಳೆ ಅಂಟಿಕೊಂಡು ಒಂದಾಗಿ ಸಾಗಿಬಿಡುತ್ತವೆ. ಸಂಖ್ಯೆ ಇದ್ದರೆ ಮಾತ್ರ ತಪ್ಪಿದ್ದು ಗೊತ್ತಾಗುತ್ತದೆ. ತುಕ್ಕು ಹಿಡಿದ ಪಿನ್ನನ್ನು ಎಳೆಯದೆ ಬಿಡಿಸಿ ತೆಗೆಯಿರಿ. ಎಳೆದರೆ ಮೂಲೆ ಹರಿದು ಸರ್ವೆ ನಂಬರೇ ಹೋಗುತ್ತದೆ. ಹಾಳೆಯ ಹಿಂಬದಿಯಲ್ಲಿ ಎರಡೇ ಸಾಲಿನ ಷರಾ ಇದ್ದರೂ ಅದನ್ನೂ ಸ್ಕ್ಯಾನ್ ಮಾಡಿಸಿ. ಎಷ್ಟೋ ಮಂಜೂರಾತಿ ಷರತ್ತುಗಳು ಇರುವುದು ಅಲ್ಲೇ. ಆ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಂಡಲ್ ಕಟ್ಟಿದ ದಾರದ ಬಣ್ಣ ನೋಡಿಯೇ ಹೋಬಳಿ ಹೇಳುವ ನಮ್ಮ ರೆಕಾರ್ಡ್ ಕೀಪರ್ ಈ ಕಚೇರಿಯ ದೊಡ್ಡ ಆಸ್ತಿ. ಅವರ ನಿವೃತ್ತಿಗೆ ಮೊದಲು ಆ ತಿಳಿವಳಿಕೆ ಒಂದು ಸೂಚಿ ಪುಸ್ತಕಕ್ಕೆ ಇಳಿಯಲಿ. ಇಬ್ಬರು ಕಿರಿಯರನ್ನು ಅವರ ಜೊತೆ ಕೂರಿಸಿ ಎಂದು ಶಿರಸ್ತೇದಾರರಲ್ಲಿ ಕೇಳಿಕೊಳ್ಳುತ್ತೇನೆ.

ಇನ್ನು ಪ್ರಭಾರದ ಸಂಗತಿ. ನನ್ನ ಡಿಜಿಟಲ್ ಸಹಿಯ ಟೋಕನ್ ನಾಳೆಯ ನಂತರ ಈ ಕಚೇರಿಯ ಯಾವ ಕೆಲಸಕ್ಕೂ ಬಳಕೆಯಾಗಬಾರದು. ಭೂಮಿ ಮತ್ತು ಇ-ಆಫೀಸ್ ಲಾಗಿನ್ ನಿಷ್ಕ್ರಿಯಗೊಳಿಸಲು ಪತ್ರ ಹೋಗಿದೆ, ಆಗಿದೆಯೇ ಎಂದು ನೋಡಿಕೊಳ್ಳಿ. ನಗದು ಪುಸ್ತಕ ಇವತ್ತಿನವರೆಗೆ ಬರೆದು ಬ್ಯಾಂಕ್ ಪಾಸ್‌ಬುಕ್ಕಿಗೆ ತಾಳೆ ಹಾಕಿದ್ದೇವೆ. ಎಸಿ ಬಿಲ್ಲಿನಲ್ಲಿ ಪಡೆದ ಹಣಕ್ಕೆ ಎನ್‌ಡಿಸಿ ಬಿಲ್ ಬಾಕಿ ಇರುವ ಪಟ್ಟಿ ಪ್ರಭಾರ ವರದಿಯ ಜೊತೆಗಿದೆ. ಲೆಕ್ಕ ಶಾಖೆಯವರು ಖಜಾನೆಯಲ್ಲಿ ಡಿಡಿಒ ಬದಲಾವಣೆಯನ್ನು ಕೂಡಲೇ ಮಾಡಿಸಿ. ಅದು ತಡವಾದರೆ ನಿಮ್ಮೆಲ್ಲರ ಸಂಬಳದ ಬಿಲ್ಲೇ ನಿಲ್ಲುತ್ತದೆ.

ಮಳೆಗಾಲದಲ್ಲಿ ಮನೆ ಕುಸಿದ ಸುದ್ದಿ ಬಂದ ರಾತ್ರಿಯೇ ಹೊರಟ ಗ್ರಾಮ ಸಹಾಯಕರು, ಊಟದ ಹೊತ್ತು ನೋಡದೆ ಜೀಪು ತೆಗೆದ ಚಾಲಕರು, ಸರ್ವರ್ ಬರುವ ತನಕ ಕಾದು ಸಾಲಿನ ಕೊನೆಯವರಿಗೂ ಪಹಣಿ ಕೊಟ್ಟು ಎದ್ದ ಆಪರೇಟರ್‌ಗಳು, ಇವರಿಗೆಲ್ಲ ಕೈಮುಗಿಯುತ್ತೇನೆ. ಕಡತದ ಬೆನ್ನು ಹತ್ತಿ ನಾನು ಒತ್ತಾಯಿಸಿದಾಗ ನೀವು ಬೇಸರಿಸಿಕೊಳ್ಳದೆ ಮಾಡಿದ್ದೀರಿ. ಹೊಸ ತಹಶೀಲ್ದಾರರಿಗೂ ಇದೇ ಸಹಕಾರ ಕೊಡಿ. ಹಳೆಯ ಪ್ರಕರಣದ ಹಿನ್ನೆಲೆ ಬೇಕಾದರೆ ಯಾರು ಬೇಕಾದರೂ ನನಗೆ ಫೋನ್ ಮಾಡಬಹುದು. ಹಿನ್ನೆಲೆ ಹೇಳುತ್ತೇನೆ, ತೀರ್ಮಾನ ಮಾತ್ರ ಅವರದೇ. ಇವತ್ತು ಸಂಜೆ ಆರರವರೆಗೆ ಚೇಂಬರಿನಲ್ಲೇ ಇರುತ್ತೇನೆ. ನನ್ನ ಸಹಿಗೆ ಬಾಕಿ ಇರುವ ಕಡತಗಳನ್ನು ಈಗಲೇ ತನ್ನಿ. ಎಲ್ಲರಿಗೂ ಧನ್ಯವಾದ, ನಮಸ್ಕಾರ.