ಮಾರಾಟಕ್ಕಿದೆ: 2016ರ ವ್ಯಾಗನ್ ಆರ್ ವಿಎಕ್ಸ್‌ಐ, ಪೆಟ್ರೋಲ್, ಸಿಂಗಲ್ ಓನರ್, ಮೈಸೂರು

ರೇಟು 3,10,000 ರೂಪಾಯಿ. 68,400 ಕಿ.ಮೀ. ಓಡಿದೆ. ಸಿಲ್ವರ್ ಬಣ್ಣ, ಕೆಎ 09 ರಿಜಿಸ್ಟ್ರೇಷನ್.

ಇದು ಅಪ್ಪ ಓಡಿಸುತ್ತಿದ್ದ ಗಾಡಿ. ಮಂಡಿ ನೋವು ಜಾಸ್ತಿಯಾಗಿ ಕ್ಲಚ್ ಒತ್ತೋದು ಕಷ್ಟ ಆಯ್ತು. ಅದಕ್ಕೇ ಆಟೋಮ್ಯಾಟಿಕ್ ತಗೊಂಡಿದ್ದೇವೆ, ಇದನ್ನು ಕೊಡುತ್ತಿದ್ದೇವೆ.

ಏನೇನು ಕೆಲಸ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ. ದೂರದಿಂದ ಬಂದು ಬೇಜಾರು ಮಾಡಿಕೊಂಡು ಹೋಗೋದು ಬೇಡ.

ಮುಖ್ಯವಾದದ್ದು ಕ್ಲಚ್. ಕಂಪನಿಯಿಂದ ಬಂದ ಪ್ಲೇಟೇ ಇನ್ನೂ ಇದೆ. ಈಗ ಪೆಡಲ್ ಪೂರ್ತಿ ಮೇಲೆ ಬಂದ ಮೇಲೆ ಗಾಡಿ ಎಳೆಯುತ್ತದೆ. ಊರೊಳಗೆ ಗೊತ್ತಾಗಲ್ಲ, ಏರಿನಲ್ಲಿ ಗೊತ್ತಾಗುತ್ತದೆ. ಕ್ಲಚ್ ಸೆಟ್ ಬದಲಾಯಿಸೋಕೆ ಮಜೂರಿ ಸೇರಿ ಸುಮಾರು 8,000 ಆಗುತ್ತೆ ಅಂತ ನಮ್ಮ ಮೆಕ್ಯಾನಿಕ್ ಹೇಳಿದ್ದಾರೆ. ಆ ದುಡ್ಡು ಕಳೆದೇ ಈ ರೇಟು ಹಾಕಿದ್ದೇನೆ.

ಹಿಂದಿನ ಎಡ ಬಾಗಿಲಿಗೆ ಗೇಟ್ ತಾಗಿ ಡೆಂಟ್ ಆಗಿತ್ತು. ಟಿಂಕರಿಂಗ್, ಪೇಂಟಿಂಗ್ ಆಗಿದೆ. ಬಿಸಿಲಲ್ಲಿ ನಿಂತು ನೋಡಿದರೆ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಕಾಣುತ್ತದೆ. ಬೇರೆ ಆಕ್ಸಿಡೆಂಟ್ ಏನೂ ಆಗಿಲ್ಲ. ಬೇಕಾದರೆ ಬಾನೆಟ್ ಎತ್ತಿ, ಡಿಕ್ಕಿಯ ಮ್ಯಾಟ್ ತೆಗೆದು ನೋಡಿ.

ಮುಂದಿನ ಎರಡು ಟೈರ್ ಹೋದ ವರ್ಷ ಹಾಕಿಸಿದ್ದು. ಹಿಂದಿನವು ಹಳೇವು, ಪಕ್ಕದಲ್ಲಿ 2219 ಅಂತ ಅಚ್ಚಾಗಿದೆ, ಅಂದರೆ 2019ರ 22ನೇ ವಾರದ್ದು. ಗ್ರಿಪ್ ಚೆನ್ನಾಗಿ ಕಂಡರೂ ರಬ್ಬರ್‌ಗೆ ವಯಸ್ಸಾಗಿದೆ. ಲಾಂಗ್ ಓಡಿಸುವವರು ಬದಲಾಯಿಸಲೇಬೇಕು. ಹಂಪ್ ಇಳಿಯುವಾಗ ಮುಂದೆ ಎಡಗಡೆ ಟಕ್ ಅಂತ ಸದ್ದು ಬರುತ್ತದೆ. ಏರ್‌ಬ್ಯಾಗ್, ಎಬಿಎಸ್ ಎರಡೂ ಇಲ್ಲದ ಮಾಡೆಲ್ ಇದು, ಮನೆಯವರ ಹತ್ತಿರ ಮಾತಾಡಿಕೊಂಡು ಬನ್ನಿ.

ಇಂಜಿನ್ ಬಗ್ಗೆ ಮಾತ್ರ ಧೈರ್ಯವಾಗಿ ಹೇಳುತ್ತೇನೆ, ತುಂಬಾ ಚೆನ್ನಾಗಿದೆ. ಆಯಿಲ್ ಲೀಕ್ ಇಲ್ಲ, ಹೊಗೆ ಇಲ್ಲ. ಟೈಮಿಂಗ್ ಚೈನ್ ಇರುವ ಇಂಜಿನ್, ಬೆಲ್ಟ್ ಬದಲಾಯಿಸುವ ಖರ್ಚು ಬರಲ್ಲ. ಎಸಿ ತಣ್ಣಗಿದೆ, ಸರ್ವೀಸ್ ಬಿಲ್ ಎಲ್ಲಾ ಫೈಲ್ ಮಾಡಿ ಇಟ್ಟಿದ್ದೇವೆ.

ಆರ್‌ಸಿ 2031ರವರೆಗೆ ಇದೆ. ಲೋನ್ ತೀರಿ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರೂ ತೆಗೆಸಿದ್ದಾಗಿದೆ. ಇನ್ಶೂರೆನ್ಸ್, ಎಮಿಷನ್ ಎರಡೂ ಚಾಲ್ತಿಯಲ್ಲಿವೆ. ಫಾರಂ 29, 30ಕ್ಕೆ ಅಪ್ಪ ನಿಮ್ಮೆದುರೇ ಸಹಿ ಹಾಕುತ್ತಾರೆ. ಟ್ರಾನ್ಸ್‌ಫರ್ ಖರ್ಚು ನಿಮ್ಮದು. ಹೆಸರು ಬದಲಾಗದೆ ಗಾಡಿ ಓಡಿಸುತ್ತೇನೆ ಅನ್ನುವವರಿಗೆ ಕೊಡಲ್ಲ.

ಶನಿವಾರ, ಭಾನುವಾರ ಬೆಳಗ್ಗೆ 8ರಿಂದ 11ರ ಒಳಗೆ ಕುವೆಂಪುನಗರಕ್ಕೆ ಬನ್ನಿ, ಓಡಿಸಿ ನೋಡಿ. ನೀವು ಬರುವವರೆಗೆ ಸ್ಟಾರ್ಟ್ ಮಾಡಿರಲ್ಲ, ಕೋಲ್ಡ್ ಸ್ಟಾರ್ಟ್ ನೀವೇ ಮಾಡಿ. ಸುಮ್ನೆ ಒಂದು ರೌಂಡ್ ಹಾಕಿದರೆ ಏನೂ ಗೊತ್ತಾಗಲ್ಲ ಅಲ್ವಾ? ರಿಂಗ್ ರೋಡಲ್ಲಿ ಐದನೇ ಗೇರ್‌ವರೆಗೂ ಹೋಗೋಣ, ಆಮೇಲೆ ಚಾಮುಂಡಿ ಬೆಟ್ಟ ಹತ್ತಿಸಿ. ಕ್ಲಚ್ ಹೇಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ನಿಮ್ಮ ಮೆಕ್ಯಾನಿಕ್‌ನ ಕರ್ಕೊಂಡು ಬಂದರೆ ಇನ್ನೂ ಒಳ್ಳೇದು. ಡಿಎಲ್ ಮರೀಬೇಡಿ, ಪಕ್ಕದ ಸೀಟಲ್ಲಿ ನಾನಿರುತ್ತೇನೆ.

ಗಾಡಿ ನೋಡಿದ ಮೇಲೆ ಸ್ವಲ್ಪ ಹೆಚ್ಚು ಕಮ್ಮಿ ಮಾತಾಡೋಣ. ನೋಡದೆ ಲಾಸ್ಟ್ ರೇಟ್ ಕೇಳಬೇಡಿ. ಬರುವ ಹಿಂದಿನ ದಿನ ಇಲ್ಲೇ ಮೆಸೇಜ್ ಹಾಕಿ, ಲೊಕೇಶನ್ ಕಳಿಸುತ್ತೇನೆ.