ಕ್ರೆಡಿಟ್ ಕಾರ್ಡ್ ಮುಚ್ಚಿ, ಬಾಕಿ ಏನೂ ಇಲ್ಲ ಅಂತ ಬರೆದುಕೊಡಿ

ದಿನಾಂಕ: 25 ಆಗಸ್ಟ್ 2025
ವಿನೋಬನಗರ, ಶಿವಮೊಗ್ಗ

ಇವರಿಗೆ:
ಮ್ಯಾನೇಜರ್, ಕ್ರೆಡಿಟ್ ಕಾರ್ಡ್ ವಿಭಾಗ
(ನಮ್ಮ ಶಾಖೆಯ ಮೂಲಕ)

ವಿಷಯ: 4417ರಲ್ಲಿ ಮುಗಿಯುವ ಕ್ರೆಡಿಟ್ ಕಾರ್ಡ್ ಮುಚ್ಚಿ, ಬಾಕಿ ಇಲ್ಲವೆಂಬ ಪತ್ರ ಕೊಡುವ ಬಗ್ಗೆ

ನಮಸ್ಕಾರ ಸರ್,

ನನ್ನ ಹೆಸರಲ್ಲಿರುವ ಕ್ರೆಡಿಟ್ ಕಾರ್ಡನ್ನು (ಕೊನೆಯ ನಾಲ್ಕು ಅಂಕಿ 4417), ಅದರ ಜೊತೆಗೆ ನನ್ನ ಯಜಮಾನರ ಹೆಸರಲ್ಲಿ ಕೊಟ್ಟಿರುವ ಆಡ್-ಆನ್ ಕಾರ್ಡನ್ನು (4425) ಇವತ್ತಿನಿಂದಲೇ ಮುಚ್ಚಿ. ಎರಡನ್ನೂ ಚಿಪ್ ಸಮೇತ ಕತ್ತರಿಸಿ ಹಾಕಿದ್ದೇನೆ. ಫೋಟೋ ಇದರ ಜೊತೆಗಿದೆ.

2019ರಲ್ಲಿ ನಮ್ಮ ಆಫೀಸಿಗೆ ಬಂದು ಮೇಜು ಹಾಕಿಕೊಂಡು ಕೂತಿದ್ದ ನಿಮ್ಮವರು ಒಂದು ಸಹಿ ಹಾಕಿಸಿಕೊಂಡು ಕೊಟ್ಟ ಕಾರ್ಡು ಇದು. ಆಗ ಉಪಯೋಗಕ್ಕೆ ಬಂತು, ಇಲ್ಲ ಅನ್ನಲ್ಲ. ಈಗ ಬೇಡ.

ಬಾಕಿಯ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಭಯ ಇರುವುದು ಅಲ್ಲೇ. ಮಗಳ ಶಾಲೆ ಫೀಸು ಕಟ್ಟಬೇಕಿತ್ತು ಅಂತ ಮೇ ತಿಂಗಳ ಬಿಲ್ಲನ್ನು ಅರ್ಧವಷ್ಟೇ ಕಟ್ಟಿದ್ದೆ. ಜೂನ್ 18ರ ಬಿಲ್ಲು 6,842 ರೂಪಾಯಿ ಬಂತು, ಜುಲೈ 4ಕ್ಕೆ ಪೂರ್ತಿ ಕಟ್ಟಿದೆ. ಮುಗಿಯಿತು ಅಂದುಕೊಂಡಿದ್ದೆ. ಜುಲೈ 18ಕ್ಕೆ ನೋಡಿದರೆ ಮತ್ತೆ 148 ರೂಪಾಯಿ 64 ಪೈಸೆ! ಬಿಲ್ಲು ತಯಾರಾದ ದಿನದಿಂದ ನಾನು ಕಟ್ಟಿದ ದಿನದವರೆಗಿನ 16 ದಿನಕ್ಕೆ, ತಿಂಗಳಿಗೆ ಶೇ 3.5ರಂತೆ 125.97 ಬಡ್ಡಿ, ಅದರ ಮೇಲೆ ಜಿಎಸ್‌ಟಿ 22.67. ಲೆಕ್ಕ ಸರಿಯಾಗಿದೆ, ನಾನೇ ಕೂಡಿ ನೋಡಿದ್ದೇನೆ, ತಕರಾರಿಲ್ಲ. ಅದನ್ನೂ ಜುಲೈ 21ಕ್ಕೆ ಕಟ್ಟಿದೆ. ಆಗಸ್ಟ್ 18ರ ಬಿಲ್ಲಿನಲ್ಲಿ ಬಾಕಿ ಸೊನ್ನೆ. ಆದರೆ ಹೀಗೆ ಬಾಲ ಬೆಳೆದ ಹಾಗೆ ಇನ್ನೊಂದು ಬಡ್ಡಿ ಎಲ್ಲಿಂದಲೋ ಬರುತ್ತಾ ಅನ್ನುವ ಅನುಮಾನ ಹೋಗಿಲ್ಲ. ಅದಕ್ಕೇ ಬಾಯಿಮಾತು ಬೇಡ, ಬರೆದುಕೊಡಿ ಅಂತ ಕೇಳುತ್ತಿರುವುದು.

ಇನ್ನೊಂದು ಕಾರಣವೂ ಇದೆ. ನಮ್ಮ ಭಾವ ಬೇರೊಂದು ಕಡೆಯ ಕಾರ್ಡನ್ನು ಫೋನಿನಲ್ಲೇ ಮುಚ್ಚಿಸಿದ್ದರು, "ಆಯ್ತು ಸರ್" ಅಂದರಂತೆ. ಎರಡು ವರ್ಷ ಬಿಟ್ಟು ಮನೆ ಸಾಲಕ್ಕೆ ಹೋದರೆ ಸಿಬಿಲ್ ರಿಪೋರ್ಟಿನಲ್ಲಿ ವಾರ್ಷಿಕ ಶುಲ್ಕ ಬಾಕಿ ಅಂತ ಕೂತಿತ್ತು. ತೋರಿಸಲು ಅವರ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ನಾವೂ ಮನೆ ಸಾಲಕ್ಕೆ ಅರ್ಜಿ ಹಾಕುವವರಿದ್ದೇವೆ.

ಹಾಗಾಗಿ ನನಗೆ ಬೇಕಾದ ಪತ್ರದಲ್ಲಿ ಇಷ್ಟು ಇರಲಿ: ನನ್ನ ಹೆಸರು, ಎರಡೂ ಕಾರ್ಡಿನ ಕೊನೆಯ ನಾಲ್ಕು ಅಂಕಿ, ಮುಚ್ಚಿದ ದಿನಾಂಕ, ಬಾಕಿ ಸೊನ್ನೆ ಎಂಬ ಮಾತು, ಮುಂದೆ ಯಾವ ಶುಲ್ಕವೂ ಬಡ್ಡಿಯೂ ಬೀಳುವುದಿಲ್ಲ ಎಂಬ ಮಾತು. ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ, ಸಹಿ ಸೀಲು ಸಮೇತ. "ನಿಮ್ಮ ಕೋರಿಕೆ ಸ್ವೀಕರಿಸಲಾಗಿದೆ" ಅನ್ನುವ ಮೆಸೇಜು ಸಾಲದು, ಅದು ಮುಚ್ಚಿದ್ದಕ್ಕೆ ಸಾಕ್ಷಿ ಅಲ್ಲ ಅಲ್ವಾ.

ಸೆಪ್ಟೆಂಬರ್ 18ರ ಬಿಲ್ಲಿಗೆ ವಾರ್ಷಿಕ ಶುಲ್ಕ 590 ರೂಪಾಯಿ ಬೀಳುವ ಹೊತ್ತು. ಅದು ಬೀಳುವ ಮೊದಲೇ ಕೆಲಸ ಮುಗಿಯಲಿ. ಕರೆಂಟ್ ಬಿಲ್ಲಿಗೆ ಇಟ್ಟಿದ್ದ ಆಟೋಪೇ ನಾನೇ ತೆಗೆದಿದ್ದೇನೆ. ಕಾರ್ಡಿನ ಬಿಲ್ಲಿಗಾಗಿ ನನ್ನ ಎಸ್‌ಬಿ ಖಾತೆಯಿಂದ ಹಣ ಎಳೆಯಲು ಕೊಟ್ಟಿದ್ದ ಒಪ್ಪಿಗೆಯನ್ನು ನೀವು ರದ್ದು ಮಾಡಿ. ರಿವಾರ್ಡ್ ಪಾಯಿಂಟು 2,140 ಇವೆ, ಅವು ಬೇಡ. ಅವುಗಳ ನೆಪದಲ್ಲಿ ತಡ ಮಾಡಬೇಡಿ.

ಆಗಸ್ಟ್ 6ಕ್ಕೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ದೆ. ಮೊದಲು ಲೈಫ್‌ಟೈಮ್ ಫ್ರೀ ಮಾಡ್ತೀವಿ ಅಂದರು, ಬೇಡ ಅಂದ ಮೇಲೆ 22 ನಿಮಿಷ ಹಾಡು ಕೇಳಿಸಿದರು, ಆಮೇಲೆ ಲೈನೇ ಕಟ್. ದಯವಿಟ್ಟು ಮತ್ತೆ ಆಫರ್ ಹೇಳಲು ಯಾರಿಂದಲೂ ಫೋನ್ ಮಾಡಿಸಬೇಡಿ.

ರಿಸರ್ವ್ ಬ್ಯಾಂಕು 2022ರಲ್ಲಿ ತಂದ ನಿಯಮ ನಿಮಗೆ ಗೊತ್ತೇ ಇದೆ. ಬಾಕಿ ಇಲ್ಲದ ಕಾರ್ಡನ್ನು ಕೇಳಿದ 7 ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ಮುಚ್ಚುವವರೆಗೆ ದಿನಕ್ಕೆ 500 ರೂಪಾಯಿ ಗ್ರಾಹಕರಿಗೆ ಕೊಡಬೇಕು. ಬುಧವಾರ ಗಣೇಶನ ಹಬ್ಬದ ರಜೆ, ಆಮೇಲೆ ಭಾನುವಾರ, ಎರಡನ್ನೂ ಬಿಟ್ಟು ಎಣಿಸಿದರೂ ಸೆಪ್ಟೆಂಬರ್ 3ಕ್ಕೆ ಏಳು ದಿನ ಆಗುತ್ತದೆ. ನನಗೆ 500 ರೂಪಾಯಿಯ ಆಸೆ ಇಲ್ಲ, ಪತ್ರ ಬಂದರೆ ಸಾಕು. ಸಿಬಿಲ್ ಮುಂತಾದ ಕಡೆಗೂ ಕಾರ್ಡ್ ಮುಚ್ಚಿದ ವಿಷಯ ನೀವೇ ತಿಳಿಸಿ. ಅಕ್ಟೋಬರಿನಲ್ಲಿ ರಿಪೋರ್ಟ್ ತೆಗೆದು ನೋಡುತ್ತೇನೆ. 30 ದಿನ ಕಳೆದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಬರೆಯಬೇಕಾಗುತ್ತದೆ.

ಪತ್ರವನ್ನು ನಿಮ್ಮಲ್ಲಿರುವ ನನ್ನ ಮನೆ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿ, ಒಂದು ಪ್ರತಿ ಇಮೇಲಿಗೂ ಹಾಕಿ. ಇದರ ಇನ್ನೊಂದು ಪ್ರತಿ ತಂದಿದ್ದೇನೆ, ಕೌಂಟರಿನವರು ಅದಕ್ಕೆ ದಿನಾಂಕ ಹಾಕಿ ಸೀಲು ಒತ್ತಿಕೊಟ್ಟರೆ ನಾನು ಹೊರಡುತ್ತೇನೆ.

ಇಂತಿ,
ಸವಿತಾ ಎಂ.

ಜೊತೆಗಿರುವುದು: ಜೂನ್, ಜುಲೈ, ಆಗಸ್ಟ್ ಬಿಲ್ಲುಗಳು, ಹಣ ಕಟ್ಟಿದ ಎರಡು ರಸೀದಿ, ಕತ್ತರಿಸಿದ ಕಾರ್ಡುಗಳ ಫೋಟೋ